ಮಗಳು ದೊಡ್ಡವಳಾದ ಮೇಲೆ ಇನ್ನೆಷ್ಟು ಉದ್ದ ಆಗ್ತಾಳೆ?

ವಿಜಯನಗರದ ಅಮ್ಮ: ಮಗಳಿಗೆ 11 ವರ್ಷ 3 ತಿಂಗಳು. ಹೋದ ತಿಂಗಳು ಮೊದಲ ಸಲ ಮುಟ್ಟಾದಳು. ಎತ್ತರ 146 ಸೆಂ.ಮೀ. ನಾನು 155, ಅವರಪ್ಪ 170. ಇನ್ನು ಬೆಳೆಯೋದೇ ಇಲ್ವಾ? ನಿಮ್ಮನೆಯಲ್ಲಿ ಹೇಗಾಯ್ತು ಹೇಳಿ.

ಬಸವನಗುಡಿ: ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆಗಳಿವೆ. ದೊಡ್ಡವಳು ಹನ್ನೆರಡೂವರೆಗೆ ಮುಟ್ಟಾದಾಗ 151. ಮುಂದಿನ ವರ್ಷ 4 ಸೆಂ.ಮೀ., ಆಮೇಲೆ 2, ಆಮೇಲೆ ಅರ್ಧ. 157.5ಕ್ಕೆ ನಿಂತಳು. ಈಗ ನೋಡಿದರೆ ಎಲ್ಲಕ್ಕಿಂತ ದೊಡ್ಡ ಅಂತರ ಮುಟ್ಟಾಗೋ ಹಿಂದಿನ ವರ್ಷದ್ದು, ಹತ್ತಿರ ಹತ್ತಿರ 8. ಆ ವರ್ಷ ಯೂನಿಫಾರ್ಮ್ ಎರಡು ಸಲ ಹೊಲಿಸಿದ್ದೆ.

ಮಲ್ಲೇಶ್ವರ: ರಕ್ತ ಹೋಗುತ್ತಲ್ಲ, ಶಕ್ತಿ ಅಲ್ಲಿಗೇ ಖರ್ಚಾಗುತ್ತೆ, ಅದಕ್ಕೇ ಬೆಳವಣಿಗೆ ನಿಲ್ಲೋದು. ಹಾರ್ಮೋನೂ ಇರುತ್ತೆ ಅನ್ನಿ. ಚಿಗಳಿ ಉಂಡೆ ಕೊಡಿ, ಸ್ಕಿಪ್ಪಿಂಗ್ ಮಾಡಿಸಿ.

ಮಕ್ಕಳ ವಾರ್ಡ್‌ನಲ್ಲಿ ನರ್ಸ್ ಆಗಿದ್ದೆ: ಚಿಗಳಿ ಕೊಡಿ, ಒಳ್ಳೇದೇ. ಆದರೆ ರಕ್ತ ಹೋಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಕ್ಕ. ಎದೆ ಬೆಳೆಯೋಕೆ ಶುರುವಾಗಿ ಎರಡು ಎರಡೂವರೆ ವರ್ಷಕ್ಕೆ ಮುಟ್ಟು ಬರೋದು. ಅಷ್ಟರಲ್ಲಿ ಜೋರು ಬೆಳವಣಿಗೆ ಮುಗಿದಿರುತ್ತೆ. ಮೊದಲು ಮೂಳೆಯನ್ನ ಸರಸರ ಉದ್ದ ಮಾಡಿಸೋ ಈಸ್ಟ್ರೋಜನ್ನೇ ಆಮೇಲೆ ಮೂಳೆ ತುದಿಯ ಮೆತ್ತಗಿನ ಪಟ್ಟಿಯನ್ನ ಗಟ್ಟಿ ಮಾಡಿ ಮುಚ್ಚಿಬಿಡುತ್ತೆ. ಮುಚ್ಚಿದ ಮೇಲೆ ಸ್ಕಿಪ್ಪಿಂಗ್ ಆಡಿದ್ರೂ, ಪೌಡರ್ ಕುಡಿದ್ರೂ ಉದ್ದ ಬರಲ್ಲ.

ಸಾಮಾನ್ಯವಾಗಿ ಮುಟ್ಟಾದ ಮೇಲೆ 5ರಿಂದ 7 ಸೆಂ.ಮೀ., ಎರಡು ಎರಡೂವರೆ ವರ್ಷದಲ್ಲಿ. ಬೇಗ ಆದವರಿಗೆ ಸ್ವಲ್ಪ ಹೆಚ್ಚು ಉಳಿದಿರುತ್ತೆ, ತಡವಾದವರಿಗೆ ಕಮ್ಮಿ. ನಿಮ್ಮ ಲೆಕ್ಕ ನೋಡಿ: ಅಪ್ಪನ 170ರಲ್ಲಿ 13 ಕಳೆದು, ನಿಮ್ಮ 155 ಕೂಡಿಸಿ ಅರ್ಧ ಮಾಡಿದ್ರೆ 156. ಅದು ಅಂದಾಜು ಮಧ್ಯ ಅಷ್ಟೇ, 8 ಸೆಂ.ಮೀ. ಆಚೀಚೆ ಆದ್ರೂ ಸಹಜ. ಮಗಳು 152, 153ರ ಹತ್ತಿರ ನಿಂತರೆ ಗಾಬರಿ ಬೇಡ.

ಯಲಹಂಕ: ನನ್ನ ಮಗನಿಗೆ 14, ಇನ್ನೂ ಮೀಸೆನೇ ಬಂದಿಲ್ಲ, ಅವನಿಗೂ ಇದೇ ಲೆಕ್ಕನಾ?

ನರ್ಸ್ ಆಗಿದ್ದೆ: ಗಂಡುಮಕ್ಕಳಿಗೆ 13 ಕಳೆಯೋದಲ್ಲ, ಅಮ್ಮನ ಎತ್ತರಕ್ಕೆ ಕೂಡಿಸೋದು. ಮಿಕ್ಕಿದ್ದು ಬೇರೆ ಕತೆ, ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.

ಬನಶಂಕರಿ: ನಮ್ಮವಳು ಒಂಬತ್ತಕ್ಕೇ ಮುಟ್ಟಾದಳು. ಎಡಗೈ ಎಕ್ಸ್‌ರೇ ತೆಗೆಸಿ ಮೂಳೆ ವಯಸ್ಸು ನೋಡಿದ್ರು, ಪ್ರಾಯದ ಬದಲಾವಣೆ ತಡೆಹಿಡಿಯೋ ಇಂಜೆಕ್ಷನ್ ಕೊಟ್ರು. ಅದರಿಂದ ಉದ್ದ ಆದಳೋ, ತಾನಾಗೇ ಆದಳೋ, ನನಗಂತೂ ಗೊತ್ತಾಗ್ಲಿಲ್ಲ.

ನರ್ಸ್ ಆಗಿದ್ದೆ: ಆ ಇಂಜೆಕ್ಷನ್ ಮುಖ್ಯವಾಗಿ ಎಂಟರ ಒಳಗೇ ಎದೆ ಬೆಳೆಯೋಕೆ ಶುರುವಾದ ಮಕ್ಕಳಿಗೆ. ಹನ್ನೊಂದಕ್ಕೆ ಮುಟ್ಟಾದ ಮೇಲೆ ಎತ್ತರಕ್ಕೆ ಅದರಿಂದ ಹೇಳಿಕೊಳ್ಳೋ ಲಾಭ ಇಲ್ಲ.

ವಿಜಯನಗರದ ಅಮ್ಮ: ಇವತ್ತು ಬೆಳಿಗ್ಗೆ ಜುಟ್ಟು ಬಿಚ್ಚಿಸಿ, ಗೋಡೆಗೆ ಹಿಮ್ಮಡಿ ತಾಗಿಸಿ ಮತ್ತೆ ಅಳೆದೆ. 144.5! ಜುಟ್ಟೂ ಸೇರಿ 146 ಬಂದಿತ್ತು. ಮೂರು ತಿಂಗಳು ಬಿಟ್ಟು ಅಳೆದು ಬರೀತೀನಿ.