ಪದಚರ್ಚೆ: ‘ವಿಕ್ಟಿಮ್ ಪ್ರೆಸಿಪಿಟೇಶನ್’ಗೆ ಕನ್ನಡದಲ್ಲಿ ಏನನ್ನೋಣ?

ಶೈಲಜಾ, ಡೊಂಬಿವಲಿ:
ನಮ್ಮ ಸಂಘದ ಮಹಿಳಾ ವಿಭಾಗಕ್ಕೆ ಕಾನೂನಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಪರಾಧಕ್ಕೆ ಈಡಾದವರೇ ಅದಕ್ಕೆ ಮೊದಲ ಹೆಜ್ಜೆ ಇಟ್ಟರು ಅನ್ನುವ ‘ವಿಕ್ಟಿಮ್ ಪ್ರೆಸಿಪಿಟೇಶನ್’ಗೆ ‘ಸಂತ್ರಸ್ತರ ಪ್ರಚೋದನೆ’ ಎಂದು ಬರೆದೆ. ಗೆಳತಿ ಓದಿ, ‘ತಪ್ಪೆಲ್ಲ ಅವಳದೇ ಅಂದ ಹಾಗಾಯ್ತಲ್ಲೇ’ ಎಂದಳು. ‘ಸೆಕೆಂಡರಿ ವಿಕ್ಟಿಮೈಸೇಶನ್’ಗೂ ಒಂದು ಮಾತು ಬೇಕು.

ಪ್ರಭಾಕರ ಕುಲಕರ್ಣಿ, ಪುಣೆ:
ಎರಡನೆಯದು ಸುಲಭ. ಕೊಲೆಯಾದವನ ಹೆಂಡತಿ ಮಕ್ಕಳೂ ನರಳುತ್ತಾರಲ್ಲ, ಅದು. ‘ಪರೋಕ್ಷ ಸಂತ್ರಸ್ತರು’ ಅನ್ನಿ. ಮೊದಲನೆಯದಕ್ಕೆ ‘ಪ್ರಚೋದನೆ’ಯೇ ಸರಿ.

ರಮಾಕಾಂತ ಶೆಟ್ಟಿ, ಮುಲುಂಡ್:
ಕುಲಕರ್ಣಿಯವರೇ, ಮನೆಯವರ ನರಳಾಟ ನಿಜ, ಆದರೆ ಇಲ್ಲಿ ಕೇಳಿದ್ದು ಅದಲ್ಲ. ಅಪರಾಧ ನಡೆದ ಮೇಲೆ ಅದೇ ವ್ಯಕ್ತಿಗೆ ಠಾಣೆ, ಆಸ್ಪತ್ರೆ, ಕೋರ್ಟು ಕೊಡುವ ಪೆಟ್ಟು ಇದು.

ಇನ್ನು ಮೊದಲನೆಯದು. ಅಮೆರಿಕದ ಅಪರಾಧಶಾಸ್ತ್ರಜ್ಞ ಮಾರ್ವಿನ್ ವುಲ್ಫ್‌ಗ್ಯಾಂಗ್ ಫಿಲಡೆಲ್ಫಿಯಾದ 1948–52ರ 588 ಕೊಲೆಗಳ ಪೊಲೀಸ್ ಕಡತ ನೋಡಿದರು. 150ರಲ್ಲಿ ಸತ್ತವರೇ ಮೊದಲು ಕೈ ಎತ್ತಿದ್ದರು ಅಥವಾ ಆಯುಧ ತೆಗೆದಿದ್ದರು. ಈ ಮಾತಿಗೆ ಅವರು ಕೊಟ್ಟ ಅರ್ಥ ಅಷ್ಟೇ. ಬೈಗುಳವೂ ಲೆಕ್ಕಕ್ಕಿಲ್ಲ. ಆದ್ದರಿಂದ ‘ಪ್ರಚೋದನೆ’ ಇಲ್ಲಿ ದೊಡ್ಡದಾಯಿತು. ಆದರೂ ಒಂದು ತೊಡಕಿದೆ. ಸತ್ತವನು ಸಾಕ್ಷಿ ಹೇಳಲಾರ. ಮೊದಲು ಯಾರು ಹೊಡೆದರು ಅನ್ನುವುದು ಎಷ್ಟೋ ಸಲ ಬದುಕುಳಿದವನ ಮಾತು.

1971ರಲ್ಲಿ ಇನ್ನೊಬ್ಬ ಅಪರಾಧಶಾಸ್ತ್ರಜ್ಞ ಮೆನಾಕೆಮ್ ಅಮೀರ್ ಇದೇ ಮಾತನ್ನು ಅತ್ಯಾಚಾರಕ್ಕೆ ಎಳೆದರು. ಅಲ್ಲಿ ಅಳತೆಗೋಲೇ ಬದಲಾಯಿತು. ಹೆಣ್ಣು ಮೊದಲು ಒಪ್ಪಿ ಆಮೇಲೆ ಬೇಡ ಎಂದರೂ, ಸಾಕಷ್ಟು ಜೋರಾಗಿ ವಿರೋಧಿಸದಿದ್ದರೂ ಅವಳ ಪಾಲಿದೆ ಎಂದು ಎಣಿಸಿದರು. ಇದು ಯಾರು ಏನು ಮಾಡಿದರು ಅನ್ನುವ ಲೆಕ್ಕವಲ್ಲ. ಆರೋಪಿಗೆ ಏನನ್ನಿಸಿತು ಅನ್ನುವುದನ್ನು ಅವಳ ತಲೆಗೆ ಕಟ್ಟಿದ್ದು.

ನಮ್ಮ ಮಹಾರಾಷ್ಟ್ರದ ಮಥುರಾ ಎಂಬ ಹುಡುಗಿಯ ಅತ್ಯಾಚಾರ ಪ್ರಕರಣ ನೋಡಿ. 1972ರಲ್ಲಿ ದೇಸಾಯಿಗಂಜ್ ಠಾಣೆಯೊಳಗೇ ನಡೆದದ್ದು, ಆರೋಪಿಗಳು ಪೊಲೀಸರು. ಸೆಷನ್ಸ್ ಕೋರ್ಟು ಹುಡುಗಿಗೆ ಲೈಂಗಿಕ ಸಂಬಂಧ ರೂಢಿಯಿತ್ತು ಎಂದು ಅವರನ್ನು ಬಿಟ್ಟಿತು. ಹೆದರಿ ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂದು ಹೈಕೋರ್ಟಿನ ನಾಗಪುರ ಪೀಠ ಶಿಕ್ಷೆ ಕೊಟ್ಟಿತು. ಮೈಮೇಲೆ ಗಾಯವಿಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಜೋರಾಗಿ ವಿರೋಧಿಸಲಿಲ್ಲ ಅನ್ನುವ ಅಮೀರ್ ತರ್ಕವೇ ಇಲ್ಲಿ ತೀರ್ಪಾಯಿತು, ಅಲ್ವಾ? ಶೈಲಜಾ ಅವರು ಕೇಳಿದ ಎರಡು ಮಾತೂ ಕೂಡುವ ಜಾಗ ಇದು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದ ಮೇಲೆ ಗದ್ದಲವೆದ್ದಿತು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆದರೂ ದೂರು ಕೊಟ್ಟ ಹೆಣ್ಣಿನ ನಡತೆಯನ್ನು ಕೆದಕಲು ಬಿಡುವ ಸಾಕ್ಷ್ಯ ಕಾಯ್ದೆಯ 155(4)ನೇ ಕಲಂ 2003ರ ತನಕ ಉಳಿದಿತ್ತು.

ಸುಜಾತಾ, ವಾಶಿ:
ದಾದರ್‌ನಲ್ಲಿ ಲೋಕಲ್ ಹತ್ತುವಾಗ ನನ್ನ ಫೋನ್ ಕದ್ದರು. ಠಾಣೆಯಲ್ಲಿ ‘ಹೊರಗಿನ ಜೇಬಲ್ಲಿ ಯಾಕೆ ಇಟ್ರಿ’ ಅಂದರು. ಕೊನೆಗೆ ಕಳವು ಅನ್ನದೆ ‘ಕಳೆದುಹೋಗಿದೆ’ ಎಂದು ಬರೆಸಿದರು. ಇದೂ ಅದೇನಾ?

ರಮಾಕಾಂತ ಶೆಟ್ಟಿ:
ಸಣ್ಣ ಪ್ರಮಾಣದಲ್ಲಿ ಹೌದು. ಹಾಗೆ ಬರೆದರೆ ಅಪರಾಧವೇ ಲೆಕ್ಕದಿಂದ ಹೋಯಿತು.

ಶೈಲಜಾ:
ಹಾಗಾದರೆ ಕೊಲೆಯ ಅಧ್ಯಾಯದಲ್ಲಿ ಮಾತ್ರ ‘ಸತ್ತವರೇ ಮೊದಲು ಕೈಮಾಡಿದ ಪ್ರಕರಣ’ ಎಂದು ಬರೆಯುತ್ತೇನೆ. ಎರಡನೆಯದಕ್ಕೆ ‘ಮರುಪೀಡನೆ’ ಆದೀತೇ?

ಪ್ರಭಾಕರ ಕುಲಕರ್ಣಿ:
‘ಮರುಪೀಡನೆ’ ಅಂದರೆ ಅದೇ ಆರೋಪಿ ಮತ್ತೆ ಬಂದ ಹಾಗೆ ಕೇಳುತ್ತದೆ. ನನಗಂತೂ ಒಪ್ಪಿಗೆಯಿಲ್ಲ.