ಸಹಾಯ ಬೇಕು: ದೆಹಲಿಗೆ ಹೊರಟ ಮಕ್ಕಳಿಗೆ ಏನಂತ ಬರೆಯಲಿ?

ನಮ್ಮ ಶಿರಸಿ ಶಾಲೆಯ ವಿಜ್ಞಾನ ನಾಟಕ ತಂಡ ರಾಷ್ಟ್ರೀಯ ಸ್ಪರ್ಧೆಗೆ ದೆಹಲಿಗೆ ಹೊರಟಿದೆ. ನಾಳೆ ಸಂಜೆ ಬಸ್ ಹತ್ತುವ ಮೊದಲು ಓದಲು ನಾಲ್ಕು ಸಾಲು ಬೇಕು, ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮೊದಲು "ಗೆದ್ದು ಬನ್ನಿ, ಊರಿನ ಹೆಸರು ಉಳಿಸಿ" ಅಂತ ಬರೆದೆ. ಊರಿನ ಭಾರವನ್ನೆಲ್ಲ ಮಕ್ಕಳ ತಲೆ ಮೇಲೆ ಹೊರಿಸಿದ ಹಾಗಾಯ್ತು ಅನಿಸಿ ಅಳಿಸಿದೆ. ಆಮೇಲೆ "ಸೋತರೂ ಪರವಾಗಿಲ್ಲ" ಅಂತ ಹಾಕಿದೆ. ಅದನ್ನು ಓದಿದ ಒಬ್ಬಳು, "ನಾವು ಸೋಲ್ತೇವೆ ಅಂತಾನಾ ಸರ್?" ಅಂದಳು. ಅದೂ ಹೋಯ್ತು. ಗೆಲುವು, ಸೋಲು ಎರಡೂ ಮಾತು ಬೇಡ ಅಂತ ಈಗ ಇಷ್ಟು ಉಳಿದಿದೆ:

"ಕಳೆದ ಸಲ ಒಬ್ಬ ಮಾತು ಮರೆತಾಗ ಪಕ್ಕದವಳು ತನ್ನ ಸಾಲು ಸೇರಿಸಿ ದೃಶ್ಯ ನಿಲ್ಲದ ಹಾಗೆ ನೋಡಿಕೊಂಡಳಲ್ವಾ? ಅಲ್ಲೂ ಹಾಗೇ ಒಬ್ಬರಿಗೊಬ್ಬರು ಇರಿ. ಕೊನೆ ಸಾಲಿನವರಿಗೂ ಕೇಳುವ ಹಾಗೆ ಮಾತಾಡಿ. ಬೇರೆ ರಾಜ್ಯದವರ ನಾಟಕಗಳನ್ನೂ ನೋಡಿ."

ಮರೆತವನ ಹೆಸರು ಹಾಕಿಲ್ಲ. ಆದರೂ ಎಲ್ಲರೆದುರು ಓದಿದರೆ ಅವನಿಗೆ ಮುಜುಗರ ಆಗುತ್ತದಾ? ಆ ಸಾಲು ಇಡಲೋ, ತೆಗೆಯಲೋ? ತೆಗೆದರೆ ಅದರ ಜಾಗಕ್ಕೆ ಏನು ಬರೆಯಬಹುದು? ಮಕ್ಕಳನ್ನು ಹೀಗೆ ಕಳಿಸಿದವರು ಹೇಳಿ.