ಆರ್ಡರ್ ಶೀಟಲ್ಲಿ ‘ಎಕ್ಸ್ ಪಾರ್ಟಿ’ ಅಂತಿದ್ರೆ ಕನ್ನಡದಲ್ಲಿ ಏನು ಬರೀಬೇಕು?

ಸವಿತಾ:
ನಮಸ್ಕಾರ, ಸ್ವಲ್ಪ ಅರ್ಜೆಂಟು, ಸಂಜೆ ಒಳಗೆ ಅನುವಾದ ಕೊಡ್ಬೇಕು. ಸಿವಿಲ್ ದಾವೆ. 2ನೇ ಪ್ರತಿವಾದಿಗೆ ಸಮನ್ಸ್ ಜಾರಿಯಾಗಿದೆ, ಕೂಗಿಸಿದಾಗ ಬಂದಿಲ್ಲ, ‘ಪ್ಲೇಸ್ಡ್ ಎಕ್ಸ್ ಪಾರ್ಟಿ’ ಅಂತ ಬರೆದು ವಾದಿ ಸಾಕ್ಷ್ಯಕ್ಕೆ ಮುಂದಿನ ತಾರೀಕು ಹಾಕಿದಾರೆ. ನಾನು ‘2ನೇ ಪ್ರತಿವಾದಿ ವಿರುದ್ಧ ಏಕಪಕ್ಷೀಯ ತೀರ್ಪು ನೀಡಲಾಗಿದೆ’ ಅಂತ ಬರೆದಿದೀನಿ. ಓದೋರು ಆ ಪ್ರತಿವಾದೀನೇ.

ಗಿರೀಶ:
ಏಕಪಕ್ಷೀಯ ಬೇಡ. ಜಡ್ಜು ಪಕ್ಷಪಾತ ಮಾಡಿದ ಹಾಗೆ ಕೇಳತ್ತೆ. ‘ಒಂಬದಿ’ ಅನ್ನಿ.

ನಾಗರಾಜ:
ಎಕ್ಸ್ ಅಂದ್ರೆ ಮಾಜಿ, ಪಾರ್ಟಿ ಅಂದ್ರೆ ಪಕ್ಷಗಾರ. ಅಂದ್ರೆ ಅವನು ಕೇಸಿಂದಲೇ ಆಚೆ, ಇನ್ನು ಬಾಯಿ ಬಿಡೋ ಹಾಗಿಲ್ಲ.

ಶ್ರೀಧರ:
ನಾಗರಾಜರೇ, ತಪ್ಪು. ಅದು ಲ್ಯಾಟಿನ್, ‘ಒಂದು ಕಡೆಯಿಂದ’ ಅಂತ ಅರ್ಥ, ಮಾಜಿ ಗೀಜಿ ಏನೂ ಇಲ್ಲ. ಸವಿತಾ ಅವರೇ, ಮೊದಲು ‘ತೀರ್ಪು’ ತೆಗೀರಿ, ಅದನ್ನ ಓದಿ ಆ ಮನುಷ್ಯ ಕೇಸು ಮುಗೀತು ಅಂತ ಮನೇಲೇ ಕೂತ್ಬಿಡ್ತಾನೆ. ಇಲ್ಲಿ ಆಗಿರೋದು ಇಷ್ಟೇ, ಅವನಿಲ್ಲದೆ ವಿಚಾರಣೆ ಮುಂದುವರಿಸ್ತೀವಿ ಅಂತ. ಮುಂದಿನ ತಾರೀಕಿಗೆ ಬಂದ್ರೆ ಆ ಹಂತದಿಂದ ಭಾಗವಹಿಸಬಹುದು, ವಾದಿ ಸಾಕ್ಷಿಗೆ ಪಾಟೀಸವಾಲು ಹಾಕಬಹುದು. 1955ರಲ್ಲೇ ಸುಪ್ರೀಂ ಕೋರ್ಟು ಸಂಗ್ರಾಮ್ ಸಿಂಗ್ ಕೇಸಲ್ಲಿ ಇದನ್ನ ಹೇಳಿದೆ. ಆದ್ರೆ ತಪ್ಪಿಹೋದ ಹಂತಕ್ಕೆ ವಾಪಸ್ ಹೋಗಿ ಲಿಖಿತ ಹೇಳಿಕೆ ಹಾಕಬೇಕು ಅಂದ್ರೆ, ಯಾಕೆ ಬರಲಿಲ್ಲ ಅಂತ ಒಪ್ಪೋ ಕಾರಣ ಕೊಟ್ಟು ಸಿಪಿಸಿ 9ನೇ ಆದೇಶದ 7ನೇ ನಿಯಮದಡಿ ಅರ್ಜಿ ಹಾಕಬೇಕು. ಡಿಕ್ರಿ ಆದ್ಮೇಲೆ ದಾರಿ ಬೇರೆ, 13ನೇ ನಿಯಮ. ಡಿಕ್ರಿ ತಾರೀಕಿಂದ 30 ದಿನ, ಸಮನ್ಸ್ ಸರಿಯಾಗಿ ಜಾರಿನೇ ಆಗಿರಲಿಲ್ಲ ಅಂದ್ರೆ ಗೊತ್ತಾದ ದಿನದಿಂದ 30.

ರೇಣುಕಾ:
ನಮ್ಮ ಪಾಲಿನ ಕೇಸಲ್ಲಿ ಸಮನ್ಸು ಬರೋಕೆ ಮುಂಚೆನೇ ಎಕ್ಸ್ ಪಾರ್ಟಿ ಸ್ಟೇ ಬಂದಿತ್ತು, ನಾವು ಗೈರುಹಾಜರಾಗಿದ್ದೇ ಇಲ್ಲ! ಅದೂ ಇದೇನಾ?

ಶ್ರೀಧರ:
ಪದ ಒಂದೇ, ಸಂಗತಿ ಬೇರೆ. ತುರ್ತು ಅಂತ ನಿಮಗೆ ನೋಟಿಸ್ ಕೊಡೋ ಮೊದಲೇ ವಾದಿ ಮಾತು ಕೇಳಿ ಕೊಟ್ಟಿದ್ದು, ನಿಮ್ಮ ತಪ್ಪೇನಿಲ್ಲ. ಅಲ್ಲಿ ‘ಏಕಪಕ್ಷೀಯ ತಡೆಯಾಜ್ಞೆ’ ಸರಿಹೋಗತ್ತೆ. ಸವಿತಾ ಅವರ ಸಾಲಿಗೆ ನಾನಾದ್ರೆ ‘2ನೇ ಪ್ರತಿವಾದಿ ಗೈರುಹಾಜರು, ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಂದುವರಿಸಲು ಆದೇಶಿಸಿದೆ’ ಅಂತ ಬರೀತೀನಿ.

ಗಿರೀಶ:
ಪಕ್ಷ ಬಿಟ್ಟು ಗೈರು ಹಿಡಿದ್ರಾ? ಅದು ಅರಬ್ಬಿ.

ಶ್ರೀಧರ:
ವಕೀಲ ಅನ್ನೋದೂ ಅರಬ್ಬಿನೇ. ‘ಒಂಬದಿ’ ಅಂತ ಬರೆದ್ರೆ ಪ್ರತಿವಾದಿಗೆ ಏನು ತಿಳಿಯತ್ತೆ ಹೇಳಿ.

ಗಿರೀಶ:
ಬಳಸಿದ್ರೆ ತಿಳಿಯತ್ತೆ. ಬಳಸೋಕೆ ಬಿಡಲ್ಲ, ಆಮೇಲೆ ತಿಳಿಯಲ್ಲ ಅಂತೀರ.

ಸವಿತಾ:
ಗೈರುಹಾಜರಿ ಸಾಲನ್ನೇ ಹಾಕಿ ಪಕ್ಕದಲ್ಲಿ ‘ಎಕ್ಸ್ ಪಾರ್ಟಿ’ ಅಂತಲೂ ಉಳಿಸಿದೀನಿ, ಗುಮಾಸ್ತರು ಕೇಳೋದು ಆ ಪದಾನೇ. ಒಂದು ಡೌಟು, ಪ್ರತಿವಾದಿ ಒಮ್ಮೆ ಹಾಜರಾಗಿ ಆಮೇಲೆ ಬರೋದು ಬಿಟ್ರೂ ಇದೇ ಸಾಲು ನಡೆಯತ್ತಾ?

ನಾಗರಾಜ:
ಪಾರ್ಟಿ ಅಂದ್ರೆ ಪಕ್ಷಗಾರನೇ ರೀ, ಡಿಕ್ಷನರಿ ನೋಡಿ.